ಸಿನಾಪ್ಸಿಸ್‌ನಿಂದ ಮಾಹಿತಿ ಪತ್ರ, ಒಪ್ಪಿಗೆ ಪತ್ರ: ಎಥಿಕ್ಸ್ ಕಮಿಟಿ ವಾಪಸ್ ಕಳಿಸದಂತೆ ಬರೆಯುವ ಕ್ರಮ

ಎಥಿಕ್ಸ್ ಕಮಿಟಿಯಿಂದ ಅರ್ಜಿ ವಾಪಸ್ ಬಂದಾಗ ಅಧ್ಯಯನ ಕೆಟ್ಟದ್ದೆಂದು ವಿದ್ಯಾರ್ಥಿಗಳು ಹೆದರುತ್ತಾರೆ. ಆದರೆ ತಕರಾರು ಹೆಚ್ಚಾಗಿ ಇರುವುದು ಅಧ್ಯಯನಕ್ಕೆ ಸೇರುವವರಿಗೆ ಕೊಡುವ ಮಾಹಿತಿ ಪತ್ರದ ಮೇಲೆ. ಅಧ್ಯಯನದ ಯೋಜನೆಯಾದ ಸಿನಾಪ್ಸಿಸ್ಸನ್ನೇ ಕನ್ನಡ ಮಾಡಿ, ಕೊನೆಗೆ 'ಎಲ್ಲವೂ ಅರ್ಥವಾಗಿದೆ, ಒಪ್ಪಿದ್ದೇನೆ' ಎಂದು ಒಂದು ಸಾಲು ಸೇರಿಸಿ ಕೊಟ್ಟಿರುತ್ತಾರೆ. ಸಿನಾಪ್ಸಿಸ್ ಬರೆದಿರುವುದು ಗೈಡ್‌ಗೆ ಮತ್ತು ವಿಶ್ವವಿದ್ಯಾಲಯಕ್ಕೆ. ಅದರ ಕ್ರಮ ಸಂಶೋಧಕರ ಕ್ರಮ: ಹಿನ್ನೆಲೆ, ಉದ್ದೇಶ, ವಿಧಾನ, ಅಂಕಿಅಂಶ. ಸೇರುವವರು ಕೇಳುವ ಕ್ರಮ ಬೇರೆ: ಇದೇನು, ನನ್ನನ್ನೇ ಯಾಕೆ ಕೇಳುತ್ತಿದ್ದೀರಿ, ನನಗೇನು ಮಾಡುತ್ತೀರಿ, ತೊಂದರೆ ಆದರೆ ಯಾರು ನೋಡಿಕೊಳ್ಳುತ್ತಾರೆ, ಬೇಡ ಅಂದರೆ ಏನಾಗುತ್ತದೆ. ಕೆಳಗಿನ ಹಂತಗಳು ಮೊದಲನೆಯ ಕ್ರಮದಲ್ಲಿರುವುದನ್ನು ಎರಡನೆಯ ಕ್ರಮಕ್ಕೆ ತರುವ ಬಗೆಯನ್ನು ಹೇಳುತ್ತವೆ.

ಉದ್ದಕ್ಕೂ ಒಂದೇ ಮಾದರಿ ಅಧ್ಯಯನ ಇಟ್ಟುಕೊಳ್ಳೋಣ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ 18ರಿಂದ 45 ವರ್ಷದ, ಗರ್ಭಿಣಿಯಲ್ಲದ, ಹಿಮೋಗ್ಲೋಬಿನ್ 8ರಿಂದ 11.9 ಗ್ರಾಂ ಇರುವ 120 ಮಹಿಳೆಯರು. ಅರ್ಧದಷ್ಟು ಜನರಿಗೆ ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದು, ಉಳಿದರ್ಧಕ್ಕೆ ದಿನ ಬಿಟ್ಟು ದಿನ ಒಂದು. ಅವಧಿ 12 ವಾರ. ಆರಂಭದಲ್ಲಿ ಮತ್ತು ಕೊನೆಯಲ್ಲಿ ರಕ್ತ ಪರೀಕ್ಷೆ. ಇದು ಕಲ್ಪಿತ ಉದಾಹರಣೆ. ಆದರೆ ಇದರಲ್ಲಿ ಬರುವ ತೊಡಕುಗಳು ನಿಜವಾದ ಸಿನಾಪ್ಸಿಸ್‌ಗಳಲ್ಲಿ ಬರುವಂಥವೇ.

## 1. ಬರೆಯುವ ಮೊದಲು ಕೈಗೆ ಬೇಕಾದದ್ದು

ಗೈಡ್ ಸಹಿ ಮಾಡಿದ ಅಂತಿಮ ಸಿನಾಪ್ಸಿಸ್, ಪ್ರಶ್ನಾವಳಿ, ನಿಮ್ಮ ಕಮಿಟಿಯ ನಮೂನೆ, ಮತ್ತು ಐ.ಸಿ.ಎಂ.ಆರ್.ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ. ಮಾರ್ಗಸೂಚಿಯಲ್ಲಿ ಒಪ್ಪಿಗೆಯ ಅಧ್ಯಾಯವನ್ನು ಮಾತ್ರ ಓದಿದರೂ ಸಾಕು. ಮಾಹಿತಿ ಪತ್ರದಲ್ಲಿ ಇರಲೇಬೇಕಾದ ಅಂಶಗಳ ಪಟ್ಟಿ ಅಲ್ಲಿದೆ.

ಸಿನಾಪ್ಸಿಸ್ ಇನ್ನೂ ತಿದ್ದುಪಡಿಯಲ್ಲಿದ್ದರೆ ಪತ್ರ ಶುರು ಮಾಡಬೇಡಿ. ಒಂದರಲ್ಲಿ 3 ಎಂ.ಎಲ್. ರಕ್ತ, ಇನ್ನೊಂದರಲ್ಲಿ 5 ಎಂ.ಎಲ್. ಎಂದು ಬಂತೆಂದರೆ ಕಮಿಟಿ ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತದೆ.

## 2. ಸಿನಾಪ್ಸಿಸ್ಸಿನಿಂದ 'ಆಕೆಗೆ ಏನಾಗುತ್ತದೆ' ಎಂಬುದನ್ನು ಮಾತ್ರ ಹೆಕ್ಕಿ

ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆಯಿರಿ: ಯಾವಾಗ, ಏನು ಮಾಡುತ್ತೇವೆ, ಎಷ್ಟು ಹೊತ್ತು. ಸಿನಾಪ್ಸಿಸ್ಸಿನ ವಿಧಾನದ ಭಾಗವನ್ನು ಒಂದೊಂದೇ ವಾಕ್ಯವಾಗಿ ಓದುತ್ತ, ಮಹಿಳೆಯ ದೇಹಕ್ಕೆ, ಸಮಯಕ್ಕೆ, ಮನೆಯ ವಿಷಯಕ್ಕೆ ತಾಗುವುದನ್ನಷ್ಟೇ ಇಲ್ಲಿಗೆ ಇಳಿಸಿ. ಸ್ಯಾಂಪಲ್ ಸೈಜ್ ಲೆಕ್ಕ, ಟೆಸ್ಟ್ ಆಫ್ ಸಿಗ್ನಿಫಿಕೆನ್ಸ್, ಹಿಂದಿನ ಅಧ್ಯಯನಗಳ ಪಟ್ಟಿ ಯಾವುದೂ ಬೇಡ. ಒಟ್ಟು ಎಷ್ಟು ಜನ ಎಂಬ ಸಂಖ್ಯೆ ಮಾತ್ರ ಬರಲಿ.

ನಮ್ಮ ಉದಾಹರಣೆಯ ಹಾಳೆ ಹೀಗೆ ತುಂಬುತ್ತದೆ. ಮೊದಲ ದಿನ: ಪ್ರಶ್ನೆಗಳು, 25 ನಿಮಿಷ, ಮೂತ್ರದಿಂದ ಗರ್ಭ ಪರೀಕ್ಷೆ, ಕೈಯಿಂದ 5 ಎಂ.ಎಲ್. ರಕ್ತ. ಆರನೇ ವಾರ: ಉಳಿದ ಮಾತ್ರೆ ಎಣಿಸುವುದು, ತೊಂದರೆ ಕೇಳುವುದು, 15 ನಿಮಿಷ. ಹನ್ನೆರಡನೇ ವಾರ: ಮತ್ತೆ 5 ಎಂ.ಎಲ್. ರಕ್ತ. ನಡುವೆ ವಾರಕ್ಕೊಂದು ಫೋನ್.

ಹಾಳೆ ತುಂಬಿದ ಮೇಲೆ ಸಿನಾಪ್ಸಿಸ್ ಎಲ್ಲೆಲ್ಲಿ ಮೌನವಾಗಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಈ ಹಂತದ ಮುಖ್ಯ ಲಾಭವೇ ಇದು. ನಮ್ಮ ಹಾಳೆಯಲ್ಲಿ ನಾಲ್ಕು ಕಡೆ ಖಾಲಿ ಇದೆ.

ಮೊದಲನೆಯದು, ಆರಂಭದ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ನೋಡಿದ ಮೇಲೆ ತಾನೇ ಯಾರು ಸೇರಬಹುದೆಂದು ಗೊತ್ತಾಗುವುದು? ಹಾಗಾಗಿ ಅನೇಕರು ಮೊದಲು ರಕ್ತ ತೆಗೆದು, ಅರ್ಹರಾದವರಿಂದ ಮಾತ್ರ ಒಪ್ಪಿಗೆ ಪಡೆಯುವ ಯೋಜನೆ ಹಾಕಿಕೊಳ್ಳುತ್ತಾರೆ. ಇದು ತಪ್ಪು. ಅಧ್ಯಯನಕ್ಕೆಂದೇ ತೆಗೆಯುವ ರಕ್ತ ಆಯ್ಕೆಗಾಗಿ ತೆಗೆದದ್ದಾದರೂ ಒಪ್ಪಿಗೆ ಮೊದಲು ಬರಬೇಕು.

ಎರಡನೆಯದು, ಪರೀಕ್ಷೆಯಲ್ಲಿ 8ಕ್ಕಿಂತ ಕಡಿಮೆ ಬಂದವರು. ಅವರು ಅಧ್ಯಯನಕ್ಕೆ ಅರ್ಹರಲ್ಲ ಎಂದು ಸಿನಾಪ್ಸಿಸ್ ಹೇಳಿ ಸುಮ್ಮನಾಗುತ್ತದೆ. ಆದರೆ ಅದು ತೀವ್ರ ರಕ್ತಹೀನತೆ. ಅದೇ ದಿನ ಹೇಳುವವರು ಯಾರು, ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಹೋಗುವ ಖರ್ಚು ಯಾರದು ಎಂದು ಗೈಡ್ ಜೊತೆ ಕೂತು ತೀರ್ಮಾನಿಸಿ.

ಮೂರನೆಯದು, ಗರ್ಭ ಪರೀಕ್ಷೆಯ ಫಲಿತಾಂಶ. ಅದನ್ನು ಆಕೆಗೆ ಒಬ್ಬಳಿಗೇ, ಬೇರೆ ಕೋಣೆಯಲ್ಲಿ ಹೇಳಬೇಕು. ಅತ್ತೆ, ಗಂಡ ಎದುರಿಗಿರುವಾಗ ಅಲ್ಲ. ನಾಲ್ಕನೆಯದು, ಪರೀಕ್ಷೆಯಾದ ಮೇಲೆ ಉಳಿಯುವ ರಕ್ತ. ಚೆಲ್ಲುತ್ತೀರಾ, ಇಡುತ್ತೀರಾ, ಇಟ್ಟರೆ ಎಷ್ಟು ವರ್ಷ?

ಈ ಖಾಲಿ ಜಾಗಗಳನ್ನು ಮಾಹಿತಿ ಪತ್ರದಲ್ಲಿ ನಿಮ್ಮ ಊಹೆಯಿಂದ ತುಂಬಬೇಡಿ. ಮೊದಲು ಸಿನಾಪ್ಸಿಸ್ ತಿದ್ದಿ, ಆಮೇಲೆ ಪತ್ರಕ್ಕೆ ತನ್ನಿ. ಪತ್ರದಲ್ಲಿರುವ ಪ್ರತಿ ಮಾತಿಗೂ ಸಿನಾಪ್ಸಿಸ್ಸಿನಲ್ಲಿ ಬೆರಳಿಟ್ಟು ತೋರಿಸುವಂತಿರಬೇಕು.

## 3. ತಲೆಬರಹಗಳನ್ನು ಆಕೆಯ ಪ್ರಶ್ನೆಗಳಾಗಿ ಸಾಲಾಗಿಡಿ

'ಅಧ್ಯಯನದ ಉದ್ದೇಶ ಮತ್ತು ವ್ಯಾಪ್ತಿ' ಎಂಬ ತಲೆಬರಹ ಓದಿದವರಿಗೆ ಕೆಳಗೇನಿದೆ ಎಂದು ಗೊತ್ತಾಗುವುದಿಲ್ಲ. ಪ್ರಶ್ನೆಯಾಗಿ ಬರೆದರೆ ಓದಿ ಹೇಳುವವರಿಗೂ ಸುಲಭ. ಈ ಕ್ರಮ ಇಂಥ ಅಧ್ಯಯನಗಳಿಗೆ ಹೊಂದುತ್ತದೆ:

1. ಇದು ಏನು? ಯಾರು ಮಾಡುತ್ತಿದ್ದಾರೆ?
2. ನಿಮ್ಮನ್ನು ಯಾಕೆ ಕೇಳುತ್ತಿದ್ದೇವೆ?
3. ಸೇರಲೇಬೇಕೆ? ಬೇಡ ಅಂದರೆ?
4. ಸೇರಿದರೆ ಏನೇನು ನಡೆಯುತ್ತದೆ?
5. ಏನು ತೊಂದರೆ ಆಗಬಹುದು? ಆದರೆ ಯಾರು ನೋಡುತ್ತಾರೆ?
6. ಏನು ಲಾಭ? ಖರ್ಚು, ಹಣ?
7. ನಿಮ್ಮ ವಿಷಯ ಯಾರಿಗೆ ಗೊತ್ತಾಗುತ್ತದೆ? ನಿಮ್ಮ ರಕ್ತ ಏನಾಗುತ್ತದೆ?
8. ನಡುವೆ ಬಿಡಬಹುದೆ?
9. ಯಾರನ್ನು ಕೇಳಬೇಕು?

'ಸೇರಲೇಬೇಕೆ' ಎಂಬುದನ್ನು ಮೂರನೆಯದಾಗಿ ಇಟ್ಟಿರುವುದಕ್ಕೆ ಕಾರಣವಿದೆ. ಅನೇಕ ನಮೂನೆಗಳಲ್ಲಿ ಅದು ಕೊನೆಯ ಪುಟದಲ್ಲಿರುತ್ತದೆ. ಅಷ್ಟು ಹೊತ್ತು ಕೂತು ಕೇಳಿದ ಮೇಲೆ ಬೇಡ ಅನ್ನಲು ಸಂಕೋಚವಾಗುತ್ತದೆ. ಅದರಲ್ಲೂ ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆದುಕೊಂಡು ಬಂದಿದ್ದರೆ ಇನ್ನೂ ಕಷ್ಟ.

## 4. ಒಂದೊಂದು ಭಾಗವನ್ನು ಬರೆಯುವುದು

ಮೊದಲ ಸಾಲು. 'ಸಂಶೋಧನೆ' ಎಂಬ ಪದ ಮೊದಲ ಎರಡು ವಾಕ್ಯದೊಳಗೆ ಬರಲೇಬೇಕು. 'ಇದು ಆಸ್ಪತ್ರೆಯಲ್ಲಿ ಎಂದಿನಂತೆ ಕೊಡುವ ಚಿಕಿತ್ಸೆಯಲ್ಲ. ಇದು ಒಂದು ಸಂಶೋಧನೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆ ದಿನಾ ಕೊಡುವುದು ಒಳ್ಳೆಯದೋ, ದಿನ ಬಿಟ್ಟು ದಿನ ಕೊಡುವುದು ಒಳ್ಳೆಯದೋ ಎಂದು ತಿಳಿಯಲು ಮಾಡುತ್ತಿದ್ದೇವೆ.' ಹಿನ್ನೆಲೆಗೆ ಇಷ್ಟೇ ಸಾಕು. ದೇಶದಲ್ಲಿ ಎಷ್ಟು ಜನರಿಗೆ ರಕ್ತಹೀನತೆ ಇದೆ ಎಂಬ ಅಂಕಿ ಇಲ್ಲಿ ಬೇಡ.

ಬೇಡ ಅಂದರೆ. 'ಭಾಗವಹಿಸುವಿಕೆ ಸ್ವಯಂಪ್ರೇರಿತ' ಎಂದು ಬರೆದರೆ ಆಕೆಯ ನಿಜವಾದ ಅನುಮಾನಕ್ಕೆ ಉತ್ತರ ಸಿಗುವುದಿಲ್ಲ. ರೇಷನ್ ಕಾರ್ಡ್, ಅಂಗನವಾಡಿಯ ಆಹಾರ, ಸರ್ಕಾರದ ದುಡ್ಡು ನಿಂತುಹೋದೀತೆಂಬುದು ಆಕೆಯ ಹೆದರಿಕೆ. ಅದನ್ನೇ ಹೆಸರು ಹಿಡಿದು ಬರೆಯಿರಿ: 'ನೀವು ಬೇಡ ಅಂದರೂ ಪಿ.ಎಚ್.ಸಿ.ಯಲ್ಲಿ ನಿಮಗೆ ಸಿಗುವ ಚಿಕಿತ್ಸೆ, ಮಾತ್ರೆ ಎಲ್ಲವೂ ಸಿಗುತ್ತದೆ. ರೇಷನ್, ಅಂಗನವಾಡಿ, ಉದ್ಯೋಗ ಖಾತ್ರಿ ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ.' ಸೇರದವರಿಗೆ ಬೇರೆ ದಾರಿ ಏನಿದೆ ಎಂಬ ಅಂಶವೂ ಇದೇ ವಾಕ್ಯದಲ್ಲಿ ಮುಗಿಯುತ್ತದೆ. ಕಮಿಟಿಯವರು ಅದನ್ನು ಹುಡುಕಿಯೇ ನೋಡುತ್ತಾರೆ.

ಏನೇನು ನಡೆಯುತ್ತದೆ. ಎರಡನೇ ಹಂತದ ಹಾಳೆಯನ್ನು ದಿನದ ಕ್ರಮದಲ್ಲಿ ವಾಕ್ಯ ಮಾಡಿ. ಪತ್ರದ ಅತಿ ಉದ್ದದ ಭಾಗ ಇದೇ ಆಗಬೇಕು. ಸಾಮಾನ್ಯವಾಗಿ ಕಾಣುವ ಕರಡು ಹೀಗಿರುತ್ತದೆ:

'ಭಾಗಿಗಳ ಅಭಿಧಮನಿಯಿಂದ 5 ಮಿ.ಲೀ. ರಕ್ತದ ಮಾದರಿಯನ್ನು ಸಂಗ್ರಹಿಸಿ ಹಿಮೋಗ್ಲೋಬಿನ್ ಹಾಗೂ ಫೆರಿಟಿನ್ ಪ್ರಮಾಣವನ್ನು ಅಂದಾಜಿಸಲಾಗುವುದು. ತದನಂತರ ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಗುವುದು.'

ತಿದ್ದಿದ ಮೇಲೆ:

'ಮೊದಲ ದಿನ ನರ್ಸ್ ನಿಮ್ಮ ಕೈಯಿಂದ ಒಂದು ಸಣ್ಣ ಚಮಚದಷ್ಟು (5 ಎಂ.ಎಲ್.) ರಕ್ತ ತೆಗೆಯುತ್ತಾರೆ. ನಿಮ್ಮ ಮೈಯಲ್ಲಿ ರಕ್ತ ಎಷ್ಟಿದೆ, ಕಬ್ಬಿಣದ ಅಂಶ ಎಷ್ಟಿದೆ ಎಂದು ಅದರಲ್ಲಿ ನೋಡುತ್ತೇವೆ. ಫಲಿತಾಂಶ ಏನೇ ಬಂದರೂ ನಿಮಗೆ ಹೇಳುತ್ತೇವೆ. ರಕ್ತ ತೀರಾ ಕಡಿಮೆ ಇದ್ದರೆ ನಿಮಗೆ ಬೇಗ ಚಿಕಿತ್ಸೆ ಬೇಕು. ಆಗ ಈ ಸಂಶೋಧನೆಗೆ ಸೇರಿಸದೆ, ನಮ್ಮ ಖರ್ಚಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತೇವೆ.

ಸೇರಬಹುದು ಎಂದಾದರೆ, ನಿಮಗೆ ಮಾತ್ರೆ ದಿನಾ ಕೊಡಬೇಕೋ ದಿನ ಬಿಟ್ಟು ದಿನ ಕೊಡಬೇಕೋ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತೇವೆ. ಯಾವುದು ಬರುತ್ತದೆಂದು ಡಾಕ್ಟರೂ ಆರಿಸುವಂತಿಲ್ಲ, ನೀವೂ ಆರಿಸುವಂತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಒಳ್ಳೆಯದು ಎಂದು ನಮಗೂ ಗೊತ್ತಿಲ್ಲ.'

'ಕಂಪ್ಯೂಟರ್ ಆರಿಸುತ್ತದೆ' ಎಂದು ಬರೆಯುವ ರೂಢಿಯಿದೆ. ಅದನ್ನು ಬಿಡಿ. ಕಂಪ್ಯೂಟರಿಗೆ ತನ್ನ ರಿಪೋರ್ಟ್ ಹಾಕಿ ತನಗೆ ಹೊಂದುವ ಮಾತ್ರೆಯನ್ನೇ ಆರಿಸಿದ್ದಾರೆ ಎಂದು ಕೇಳಿದವರು ನಂಬಿಬಿಡುತ್ತಾರೆ. ಕೊನೆಯ ವಾಕ್ಯವನ್ನಂತೂ ಯಾವ ಕಾರಣಕ್ಕೂ ತೆಗೆಯಬೇಡಿ. 'ನಮಗೂ ಗೊತ್ತಿಲ್ಲ' ಎಂದು ಡಾಕ್ಟರು ಬರೆದುಕೊಡಲು ಹಿಂಜರಿಯುತ್ತಾರೆ, ಆದರೆ ಸಂಶೋಧನೆ ನಡೆಯುತ್ತಿರುವುದೇ ಅದಕ್ಕಾಗಿ.

ಹನ್ನೆರಡು ವಾರದ ಲೆಕ್ಕವನ್ನು ಊರಿನ ಕ್ಯಾಲೆಂಡರ್ ಜೊತೆ ಇಟ್ಟು ನೋಡಿ. ತೊಗರಿ ರಾಶಿ ಮುಗಿದ ಮೇಲೆ ಅನೇಕ ಮನೆಗಳು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಹೋಗುತ್ತವೆ. ಮೂರು ತಿಂಗಳಲ್ಲಿ ಎರಡು ಸಲ ಮತ್ತೆ ಬರಬೇಕು ಎಂಬುದು ಸ್ಪಷ್ಟವಾಗಿರಲಿ. ಊರು ಬಿಟ್ಟು ಹೋಗಬೇಕಾಗಿ ಬಂದರೆ ಏನು ಮಾಡಬೇಕು ಎಂಬುದೂ ಇರಲಿ.

ತೊಂದರೆ. 'ಯಾವುದೇ ಅಪಾಯವಿಲ್ಲ' ಎಂಬ ವಾಕ್ಯ ಕಂಡ ಕೂಡಲೇ ಕಮಿಟಿ ಕೆಂಪು ಗೆರೆ ಎಳೆಯುತ್ತದೆ. ಸೂಜಿ ಚುಚ್ಚಿದ ಜಾಗ ನೋಯಬಹುದು, ನೀಲಿಗಟ್ಟಬಹುದು. ಮಾತ್ರೆಯಿಂದ ವಾಕರಿಕೆ, ಹೊಟ್ಟೆನೋವು, ಮಲಬದ್ಧತೆ ಅಥವಾ ಭೇದಿ ಆಗಬಹುದು. ಸಂಡಾಸ ಕಪ್ಪಗಾಗುವುದು ಸಾಮಾನ್ಯ, ಅದರಿಂದ ಹೆದರಬೇಕಿಲ್ಲ. ಈ ಕೊನೆಯದನ್ನು ಬರೆಯದಿದ್ದರೆ ಮೊದಲ ವಾರದಲ್ಲೇ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ಸಿನಾಪ್ಸಿಸ್ಸಿನಲ್ಲಿ ಸಾಮಾನ್ಯವಾಗಿ ಇರದ, ಆದರೆ ಇರಲೇಬೇಕಾದ ಎಚ್ಚರಿಕೆ ಇನ್ನೊಂದಿದೆ. ಕಬ್ಬಿಣದ ಮಾತ್ರೆಗಳನ್ನು ಚಿಕ್ಕ ಮಕ್ಕಳು ಮಿಠಾಯಿ ಎಂದು ನುಂಗಿದರೆ ಜೀವಕ್ಕೇ ಅಪಾಯ. 'ಮಾತ್ರೆಯನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಮಗು ನುಂಗಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ' ಎಂದು ಬೇರೆಯೇ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿ.

ತೊಂದರೆಯ ಪಕ್ಕದಲ್ಲೇ ಪರಿಹಾರ ಬರಬೇಕು. ಸಂಶೋಧನೆಯಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ನಿಯಮದಂತೆ ಪರಿಹಾರವೂ ಇದೆ ಎಂದು ಬರೆಯಿರಿ. ಆ ದುಡ್ಡು ಎಲ್ಲಿಂದ ಬರುತ್ತದೆಂದು ಕಮಿಟಿ ಕೇಳುತ್ತದೆ. ಉತ್ತರ ತಯಾರಿರಲಿ.

ಲಾಭ ಮತ್ತು ಹಣ. 'ನಿಮ್ಮ ರಕ್ತಹೀನತೆ ಗುಣವಾಗುತ್ತದೆ' ಎಂದು ಭರವಸೆ ಕೊಡಬೇಡಿ. 'ರಕ್ತ ಹೆಚ್ಚಬಹುದು, ಹೆಚ್ಚದೆಯೂ ಇರಬಹುದು' ಎಂಬುದು ನಿಜ. ಬಸ್ ಚಾರ್ಜು, ಕೂಲಿ ತಪ್ಪಿದ್ದಕ್ಕೆ ಕೊಡುವ ಹಣವನ್ನು ಲಾಭದ ಪಟ್ಟಿಯಲ್ಲಿ ಸೇರಿಸಬೇಡಿ. ಅದು ಆಕೆ ಕಳೆದುಕೊಂಡದ್ದನ್ನು ತುಂಬಿಕೊಡುವುದು ಅಷ್ಟೇ. ಎಷ್ಟು ರೂಪಾಯಿ, ಯಾವ ದಿನ, ಕೈಗೋ ಖಾತೆಗೋ ಎಂದು ಬರೆಯಿರಿ. ನಡುವೆ ಬಿಟ್ಟವರಿಗೂ ಬಂದಷ್ಟು ಸಲದ ಹಣ ಸಿಗುತ್ತದೆ ಎಂದೂ ಸೇರಿಸಿ. ಇಲ್ಲವಾದರೆ ದುಡ್ಡಿಗಾಗಿ ಕಟ್ಟಿಹಾಕಿದಂತಾಗುತ್ತದೆ.

ಗುಟ್ಟು. 'ಮಾಹಿತಿಯನ್ನು ಗೌಪ್ಯವಾಗಿಡಲಾಗುವುದು' ಎಂಬ ಒಂದೇ ವಾಕ್ಯ ಸಾಲದು. ಹೆಸರಿನ ಬದಲು ನಂಬರ್ ಹಾಕುತ್ತೇವೆ, ಹೆಸರಿನ ಪಟ್ಟಿ ಇಂಥವರ ಬೀರುವಿನಲ್ಲಿ ಬೀಗದೊಳಗಿರುತ್ತದೆ, ಕಮಿಟಿಯವರು ತಪಾಸಣೆಗೆ ನೋಡಬಹುದು ಎಂದು ಇದ್ದದ್ದನ್ನು ಬರೆಯಿರಿ. ಫೋನಿನ ವಿಷಯ ಮರೆಯಬೇಡಿ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನ್, ಅದು ಗಂಡನ ಅಥವಾ ಮಗನ ಕೈಯಲ್ಲಿರುತ್ತದೆ. 'ಬೇರೆಯವರು ಫೋನ್ ಎತ್ತಿದರೆ ಏನು ಹೇಳಬೇಕು' ಎಂದು ಆಕೆಯನ್ನೇ ಕೇಳಿ ಬರೆದುಕೊಳ್ಳಲು ಒಂದು ಜಾಗ ಬಿಡಿ.

## 5. ಒಪ್ಪಿಗೆ ಪತ್ರ: ಹೊಸ ವಿಷಯ ಒಂದೂ ಬರಬಾರದು

ಮಾಹಿತಿ ಪತ್ರ ವಿವರಿಸುತ್ತದೆ, ಒಪ್ಪಿಗೆ ಪತ್ರ ಆಕೆಯ ತೀರ್ಮಾನವನ್ನು ದಾಖಲಿಸುತ್ತದೆ. ಒಪ್ಪಿಗೆ ಪತ್ರದಲ್ಲಿ ಮೊದಲ ಬಾರಿಗೆ 'ಫೋಟೊ ತೆಗೆಯಲು ಒಪ್ಪಿದ್ದೇನೆ' ಎಂದು ಬಂದರೆ ಆ ವಿಷಯ ಮಾಹಿತಿ ಪತ್ರದಲ್ಲಿ ತಪ್ಪಿದೆ ಎಂದರ್ಥ.

ಒಂದು ವಾಕ್ಯಕ್ಕೆ ಒಂದೇ ವಿಷಯ, ಮುಂದೆ ಗುರುತು ಹಾಕಲು ಚೌಕ. ಆರೇಳು ವಾಕ್ಯ ಸಾಕು: ಪತ್ರ ಓದಿದೆ ಅಥವಾ ಓದಿ ಹೇಳಿದರು, ಪ್ರಶ್ನೆ ಕೇಳಲು ಅವಕಾಶ ಸಿಕ್ಕಿತು, ನಡುವೆ ಬಿಡಬಹುದೆಂದು ಗೊತ್ತು, ಎರಡು ಸಲ ರಕ್ತ ತೆಗೆಯುತ್ತಾರೆಂದು ಗೊತ್ತು, ಮಾತ್ರೆಯ ಕ್ರಮ ಚೀಟಿಯಂತೆ ನಿರ್ಧಾರವಾಗುತ್ತದೆಂದು ಗೊತ್ತು, ಸೇರಲು ಒಪ್ಪಿದ್ದೇನೆ.

ಉಳಿದ ರಕ್ತ ಇಡುವ ವಿಷಯವನ್ನು ಇವುಗಳಲ್ಲಿ ಬೆರೆಸಬೇಡಿ. ಕೆಳಗೆ ಬೇರೆಯಾಗಿ 'ಒಪ್ಪುತ್ತೇನೆ', 'ಒಪ್ಪುವುದಿಲ್ಲ' ಎಂದು ಎರಡು ಚೌಕ ಇಟ್ಟು, 'ಒಪ್ಪದಿದ್ದರೂ ಸಂಶೋಧನೆಯಲ್ಲಿ ಇರಬಹುದು' ಎಂದು ಬರೆಯಿರಿ. ಬೆರೆಸಿದರೆ ಮಾತ್ರೆಗಾಗಿ ಬಂದವರು ರಕ್ತ ಇಡುವುದಕ್ಕೂ ಅನಿವಾರ್ಯವಾಗಿ ಸಹಿ ಹಾಕಬೇಕಾಗುತ್ತದೆ.

ಅಪಾಯದ ಗುರುತು ಒಂದಿದೆ. ಆಪರೇಷನ್‌ಗೆ ಮುಂಚೆ ಬರೆಸಿಕೊಳ್ಳುವ ಕಾಗದದಿಂದ ನಕಲು ಮಾಡಿದಾಗ 'ಮುಂದೆ ಏನೇ ಆದರೂ ನಾನೇ ಹೊಣೆ, ಆಸ್ಪತ್ರೆಯನ್ನು ದೂರುವುದಿಲ್ಲ' ಎಂಬ ಸಾಲು ಬಂದು ಕೂತಿರುತ್ತದೆ. ಸಂಶೋಧನೆಯ ಒಪ್ಪಿಗೆ ಪತ್ರದಲ್ಲಿ ಭಾಗಿಯ ಹಕ್ಕು ಬಿಡಿಸುವ ಯಾವ ಮಾತೂ ಇರುವಂತಿಲ್ಲ. 'ಹೊಣೆ', 'ದೂರು' ಎಂಬ ಪದಗಳನ್ನು ಹುಡುಕಿ ನೋಡಿ.

## 6. ಸಹಿ, ಹೆಬ್ಬೆಟ್ಟು, ಸಾಕ್ಷಿ

ಸಹಿಯ ಜಾಗ ಮೂರು: ಭಾಗಿ, ಒಪ್ಪಿಗೆ ಪಡೆದವರು, ಸಾಕ್ಷಿ. ಮೂರರಲ್ಲೂ ಹೆಸರು, ದಿನಾಂಕ, ಸಮಯಕ್ಕೆ ಗೆರೆ ಇರಲಿ. ಸಮಯ ಯಾಕೆಂದರೆ, ರಕ್ತ ತೆಗೆದದ್ದು 10:15ಕ್ಕೆ, ಸಹಿ 10:40ಕ್ಕೆ ಎಂದಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಓದಲು ಬಾರದವರು ಹೆಬ್ಬೆಟ್ಟು ಒತ್ತಬಹುದು. ಆಗ ಓದು ಬಲ್ಲ, ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿರಬೇಕು. ಎಲ್ಲ ಮುಗಿದ ಮೇಲೆ ಹೊರಗಿನಿಂದ ಯಾರನ್ನೋ ಕರೆದು ಸಹಿ ಹಾಕಿಸಿದರೆ ಅದು ಸಾಕ್ಷಿಯಲ್ಲ. ಅಧ್ಯಯನಕ್ಕೆ ಜನರನ್ನು ಕರೆತರುತ್ತಿರುವ ಆಶಾ ಕಾರ್ಯಕರ್ತೆಯನ್ನೇ ಸಾಕ್ಷಿ ಮಾಡಬೇಡಿ.

ಗಂಡನ ಸಹಿಗೆ ಗೆರೆ ಹಾಕಿದ ಪತ್ರಗಳು ಇನ್ನೂ ಬರುತ್ತಿವೆ. ಹದಿನೆಂಟು ದಾಟಿದ, ತನ್ನ ತೀರ್ಮಾನ ತಾನು ಮಾಡಬಲ್ಲ ಮಹಿಳೆಯ ಒಪ್ಪಿಗೆ ಆಕೆಯದೇ. ಮನೆಯವರನ್ನು ಕೇಳಿ ಬರುತ್ತೇನೆ ಎಂದರೆ ಪತ್ರದ ಪ್ರತಿ ಕೊಟ್ಟು ಕಳಿಸಿ, ಮರುದಿನ ಬರಲಿ. ಗಂಡನ ಅಥವಾ ಗ್ರಾಮ ಪಂಚಾಯತಿಯ ಒಪ್ಪಿಗೆ ಆಕೆಯ ಒಪ್ಪಿಗೆಯ ಜಾಗದಲ್ಲಿ ನಿಲ್ಲುವುದಿಲ್ಲ.

## 7. ಗಟ್ಟಿಯಾಗಿ ಓದಿ, ತಿರುಗಿ ಹೇಳಿಸಿ

ಕರಡು ಮುಗಿದ ಮೇಲೆ ಸಂಶೋಧನೆಗೆ ಸೇರದ, ಆದರೆ ಅಂಥದೇ ಹಿನ್ನೆಲೆಯ ಐದಾರು ಮಹಿಳೆಯರಿಗೆ ಓದಿ ಹೇಳಿ. ಆಸ್ಪತ್ರೆಯ ಆಯಾಗಳು, ರೋಗಿಗಳ ಜೊತೆ ಬಂದವರು ಆದೀತು. ಓದುವಾಗ ಗಡಿಯಾರ ಇಟ್ಟುಕೊಳ್ಳಿ. ಹದಿನೈದು ನಿಮಿಷ ದಾಟಿದರೆ ಪತ್ರ ಉದ್ದವಾಗಿದೆ.

'ತಿಳೀತಾ?' ಎಂದು ಕೇಳಬೇಡಿ. ಎಲ್ಲರೂ 'ಹೂಂ' ಅನ್ನುತ್ತಾರೆ. ಅವರ ಮಾತಿನಲ್ಲೇ ತಿರುಗಿ ಹೇಳಿಸಿ: 'ಯಕ್ಕಾ, ಎಷ್ಟ್ ಸಲ ರಕ್ತ ತಗೀತಾರ?', 'ದಿನಾ ಗುಳಿಗಿ ಕೊಡೋದು ಯಾರಿಗಂತ ಹ್ಯಾಂಗ ನಿರ್ಧಾರ ಮಾಡ್ತಾರ?', 'ಬ್ಯಾಡ ಅಂದ್ರ ಏನಾಗ್ತದ?', 'ಹೊಟ್ಟಿ ನೋವು ಬಂದ್ರ ಯಾರಿಗಿ ಫೋನ್ ಮಾಡ್ಬೇಕು?' ಇಬ್ಬರು ಒಂದೇ ಪ್ರಶ್ನೆಯಲ್ಲಿ ಎಡವಿದರೆ ತಪ್ಪು ಆ ಪ್ಯಾರಾದ್ದು. ಎರಡನೇ ಪ್ರಶ್ನೆಗೆ 'ಡಾಕ್ಟರ್ ನೋಡಿ ಕೊಡ್ತಾರ' ಎಂಬ ಉತ್ತರ ಬಂದರೆ ಚೀಟಿಯ ಪ್ಯಾರಾ ಮತ್ತೆ ಬರೆಯಿರಿ.

ಭಾಷೆಯ ಲೆಕ್ಕವನ್ನೂ ಈಗಲೇ ಹಾಕಿ. ಗುರುಮಠಕಲ್ ಕಡೆ ತೆಲುಗು, ಔರಾದ್, ಬಸವಕಲ್ಯಾಣದಲ್ಲಿ ಮರಾಠಿ, ಕಲಬುರಗಿ, ಬೀದರ್ ಪಟ್ಟಣಗಳಲ್ಲಿ ಉರ್ದು ಪ್ರತಿ ಬೇಕಾಗುತ್ತದೆ. ತಾಂಡಾಗಳಲ್ಲಿ ಲಂಬಾಣಿ ಬಲ್ಲವರು ಓದಿ ಹೇಳಬೇಕು. ಪ್ರತಿ ಅನುವಾದವನ್ನೂ ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿ ಮಾಡಿಸಿ, ಮೂಲದ ಪಕ್ಕ ಇಟ್ಟು ನೋಡಿ. 'ಆಗಬಹುದು' ಇದ್ದದ್ದು 'ಆಗುತ್ತದೆ' ಎಂದಾಗಿರುವುದು ಆಗ ಕಾಣುತ್ತದೆ.

## 8. ಆವೃತ್ತಿ, ಅಚ್ಚು, ಪ್ರತಿ

ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆಯುತ್ತದೆ, ಕಮಿಟಿ ಅದನ್ನು ಓದಲಾರದು. ಅಕ್ಷರ 14ರ ಅಳತೆಗಿಂತ ಚಿಕ್ಕದು ಬೇಡ. ಪ್ರತಿ ಪುಟದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ, ದಿನಾಂಕ, 'ಪುಟ 2 / 4' ಎಂಬ ಗುರುತು ಇರಲಿ. ಮಾಹಿತಿ ಪತ್ರಕ್ಕೂ ಒಪ್ಪಿಗೆ ಪತ್ರಕ್ಕೂ ಒಂದೇ ಆವೃತ್ತಿ ಸಂಖ್ಯೆ ಕೊಡಿ.

ಸಂಪರ್ಕದ ಜಾಗದಲ್ಲಿ ಇಬ್ಬರಿರಬೇಕು: ಅಧ್ಯಯನ ಮಾಡುವವರು ಮತ್ತು ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿ. ಅಚ್ಚಿಗೆ ಕೊಡುವ ಮುಂಚೆ ಎರಡೂ ನಂಬರಿಗೆ ಫೋನ್ ಮಾಡಿ ನೋಡಿ. ಪಿ.ಜಿ. ವಿದ್ಯಾರ್ಥಿ ಕೋರ್ಸ್ ಮುಗಿಸಿ ಹೋದ ಮೇಲೂ ಉತ್ತರ ಕೊಡುವವರು ಬೇಕು, ಹಾಗಾಗಿ ಗೈಡ್ ನಂಬರೂ ಸೇರಲಿ.

ನಮ್ಮದು ಎರಡು ವಿಧಾನಗಳನ್ನು ಹೋಲಿಸುವ ಕ್ಲಿನಿಕಲ್ ಟ್ರಯಲ್. ಹೀಗಾಗಿ ಮೊದಲ ಮಹಿಳೆಯನ್ನು ಸೇರಿಸಿಕೊಳ್ಳುವ ಮೊದಲೇ ಕ್ಲಿನಿಕಲ್ ಟ್ರಯಲ್‌ಗಳ ರಾಷ್ಟ್ರೀಯ ದಾಖಲೆಯಾದ ಸಿ.ಟಿ.ಆರ್.ಐ.ನಲ್ಲಿ ನೋಂದಣಿ ಆಗಿರಬೇಕು.

ಸಹಿಯಾದ ಪತ್ರದ ಒಂದು ಪ್ರತಿ ಆಕೆಗೆ, ಮಾಹಿತಿ ಪತ್ರದ ಸಮೇತ. ಜೆರಾಕ್ಸ್ ಸಿಗದ ಹಳ್ಳಿಯಲ್ಲಿ ಎರಡು ಪ್ರತಿಗೂ ಅಲ್ಲೇ ಸಹಿ ಮಾಡಿಸಿ. ಕೆಲವರು ಮನೆಗೆ ಒಯ್ಯಲು ಇಷ್ಟಪಡುವುದಿಲ್ಲ. ಒತ್ತಾಯ ಮಾಡದೆ, ಕೊಟ್ಟರೂ ಬೇಡವೆಂದರು ಎಂದು ದಾಖಲಿಸಿ, ಫೋನ್ ನಂಬರಿನ ಚೀಟಿಯನ್ನಾದರೂ ಕೊಡಿ.

ನಡುವೆ ಸಿನಾಪ್ಸಿಸ್ ಬದಲಾದರೆ, ಉದಾಹರಣೆಗೆ ಆರನೇ ವಾರವೂ ರಕ್ತ ತೆಗೆಯುವುದೆಂದಾದರೆ, ಆವೃತ್ತಿ 2.0 ಮಾಡಿ ಕಮಿಟಿಯ ಒಪ್ಪಿಗೆ ಪಡೆಯಿರಿ. ಈಗಾಗಲೇ ಸೇರಿದವರಿಗೂ ಹೊಸ ಪತ್ರ ಓದಿ ಹೇಳಿ ಮತ್ತೆ ಸಹಿ ಪಡೆಯಬೇಕು. ಆವೃತ್ತಿ 1.0ರ ಉಳಿದ ಖಾಲಿ ಪ್ರತಿಗಳನ್ನು ಅದೇ ದಿನ ಪಿ.ಎಚ್.ಸಿ.ಯಿಂದ ತೆಗೆದುಬಿಡಿ. ಮೇಜಿನ ಡ್ರಾದಲ್ಲಿ ಉಳಿದ ಹಳೆಯ ಪ್ರತಿಗೆ ಸಹಿ ಮಾಡಿಸಿದರೆ ಆ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ.